ಕನಿಷ್ಠ ಶಿಲ್ಕಿನ ದಂಡ: ಒಂದು ದೂರು ಮತ್ತು ಅದಕ್ಕೆ ಬರೆದ ಉತ್ತರ

(ನಿವೃತ್ತ ಬ್ಯಾಂಕ್ ಶಾಖಾ ವ್ಯವಸ್ಥಾಪಕರೊಬ್ಬರು ತಾಲ್ಲೂಕು ಕೇಂದ್ರದ ಗ್ರಂಥಾಲಯದಲ್ಲಿ, ಬ್ಯಾಂಕ್ ನೌಕರರೂ ಗ್ರಾಹಕರೂ ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಸಭೆಗೆ ನಮಸ್ಕಾರ. ಈ ಹೊತ್ತು ನಾನು ಒಂದೇ ಒಂದು ಪತ್ರದ ಬಗ್ಗೆ ಮಾತನಾಡಲಿದ್ದೇನೆ. ತನ್ನ ಖಾತೆಯಿಂದ ತಪ್ಪಾಗಿ ಶುಲ್ಕ ಮುರಿದುಕೊಂಡಿದ್ದೀರಿ ಎಂದು ಗ್ರಾಹಕರೊಬ್ಬರು ಬರೆದುಕೊಟ್ಟಾಗ ಶಾಖೆಯ ವ್ಯವಸ್ಥಾಪಕರು ಬರೆಯಬೇಕಾದ ಉತ್ತರ ಅದು. ನಾನು ಎದುರಿಗಿಡುವ ಪ್ರಕರಣವು ನನ್ನ ಸೇವಾವಧಿಯಲ್ಲಿ ಕಂಡ ಹಲವು ಅರ್ಜಿಗಳನ್ನು ಕೂಡಿಸಿ ಕಟ್ಟಿದ್ದು. ಯಾರ ಗುರುತೂ ಸಿಗಬಾರದೆಂದು ಅಂಕಿಗಳನ್ನೂ ದಿನಾಂಕಗಳನ್ನೂ ನಾನೇ ಹೊಂದಿಸಿಕೊಂಡಿದ್ದೇನೆ. ಆದರೆ ಅದರಲ್ಲಿ ಬರುವ ಒಂದೊಂದು ತಪ್ಪೂ ನಿಜವಾಗಿ ನಡೆಯುವಂಥದ್ದು, ಮತ್ತು ಅವುಗಳಲ್ಲಿ ಕೆಲವನ್ನು ನಾನೇ ಮಾಡಿದ್ದೇನೆ.

ಅರ್ಜಿದಾರರು 41 ವರ್ಷದ ಹೆಣ್ಣುಮಗಳು. ಬೆಂಗಳೂರಿನ ಹೊರವಲಯದ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಟೈಲರ್ ಆಗಿದ್ದವರು, ಕಾರ್ಖಾನೆ ಮುಚ್ಚಿದ ಮೇಲೆ ಹಾಸನ ಜಿಲ್ಲೆಯ ತಮ್ಮ ಊರಿಗೆ ಮರಳಿದ್ದರು. ಸಂಬಳದ ಖಾತೆಯಲ್ಲಿ ಕೊನೆಯ ಸಂಬಳ ಜಮೆಯಾದದ್ದು 2023ರ ಜೂನ್‌ನಲ್ಲಿ. ಖರ್ಚಿಗೆ ತೆಗೆದು ಉಳಿದದ್ದು 640 ರೂಪಾಯಿ. ಅದನ್ನು ಹಾಗೆಯೇ ಬಿಟ್ಟು ಅವರು ಒಂದು ವರ್ಷ ಖಾತೆಯ ಕಡೆ ತಲೆಹಾಕಲಿಲ್ಲ. 2024ರ ಜೂನ್ 10ರಂದು ಬೇರೊಂದು ಬ್ಯಾಂಕಿನ ಎಟಿಎಂನಲ್ಲಿ 500 ರೂಪಾಯಿ ತೆಗೆಯಲು ಹೋದಾಗ ಯಂತ್ರ ಹಣ ಸಾಲದೆಂದಿತು. ಪಾಸ್‌ಬುಕ್ ಪ್ರಿಂಟ್ ಹಾಕಿಸಿದರೆ ಖಾತೆಯಲ್ಲಿದ್ದದ್ದು 286 ರೂಪಾಯಿ. ಜೂನ್ 14ರಂದು ಅವರು ನೋಟ್‌ಬುಕ್ಕಿನ ಹಾಳೆಯಲ್ಲಿ ದೂರು ಬರೆದು, ಅದರ ಜೆರಾಕ್ಸ್ ಪ್ರತಿಗೆ ಶಾಖೆಯ ಮೊಹರು ಹಾಕಿಸಿಕೊಂಡು ಹೋದರು. ತನ್ನದು ಸಂಬಳದ ಖಾತೆ, ಅದರಲ್ಲಿ ಹಣ ಇಡಲೇಬೇಕೆಂಬ ನಿಯಮ ಇರಲಿಲ್ಲ, ತನಗೆ ಯಾರೂ ಏನೂ ಹೇಳದೆ ಎಂಟು ಸಲ ಹಣ ಮುರಿದಿದ್ದಾರೆ, ಎಟಿಎಂನಲ್ಲಿ ಹಣ ಬಾರದಿದ್ದರೂ ಅದಕ್ಕೂ ಶುಲ್ಕ ಹಾಕಿದ್ದಾರೆ ಎಂಬುದು ದೂರಿನ ಸಾರ.

ಇಂಥ ದೂರಿಗೆ ನಮ್ಮ ಶಾಖೆಗಳಿಂದ ಹೊರಡುವ ವಾಡಿಕೆಯ ಉತ್ತರವನ್ನು ಬ್ಯಾಂಕಿನಲ್ಲಿ ಕೆಲಸ ಮಾಡಿದ ಯಾರಾದರೂ ಬಾಯಿಪಾಠ ಹೇಳಬಲ್ಲರು: "ತಮ್ಮ ದೂರನ್ನು ಪರಿಶೀಲಿಸಲಾಗಿದ್ದು, ಕನಿಷ್ಠ ಶಿಲ್ಕನ್ನು ಕಾಯ್ದುಕೊಳ್ಳದ ಕಾರಣ ಬ್ಯಾಂಕಿನ ನಿಯಮಾನುಸಾರ ಶುಲ್ಕವನ್ನು ವಿಧಿಸಲಾಗಿರುತ್ತದೆ. ತಮಗೆ ಉಂಟಾದ ಅನಾನುಕೂಲತೆಗೆ ವಿಷಾದಿಸಲಾಗಿದೆ." ಈ ವಾಕ್ಯಗಳಲ್ಲಿ ಪರಿಶೀಲಿಸಿದವರಿಲ್ಲ, ಶುಲ್ಕ ವಿಧಿಸಿದವರಿಲ್ಲ, ವಿಷಾದಪಟ್ಟವರೂ ಇಲ್ಲ, ನಮ್ಮ ಕಚೇರಿ ಕನ್ನಡದ ಕರ್ಮಣಿ ಪ್ರಯೋಗವು ಕರ್ತೃವನ್ನು ಮೂರೂ ಕಡೆ ನುಂಗಿದೆ. ಆದರೆ ನನ್ನ ಆಕ್ಷೇಪ ಇರುವುದು ಭಾಷೆಗಿಂತ ಹೆಚ್ಚಾಗಿ ಅದರ ಹಿಂದೆ ನಡೆಯದೆ ಹೋದ ಕೆಲಸದ ಮೇಲೆ. ಈ ಉತ್ತರವನ್ನು ಬರೆಯಲು ಖಾತೆಯ ಸ್ಟೇಟ್‌ಮೆಂಟನ್ನೂ ತೆರೆಯಬೇಕಾಗಿಲ್ಲ.

ಹಾಗಾದರೆ ವ್ಯವಸ್ಥಾಪಕರು ಮೊದಲು ಏನು ನೋಡಬೇಕು? ಕನಿಷ್ಠ ಶಿಲ್ಕು, ಅಂದರೆ ಕೌಂಟರಿನಲ್ಲಿ ನಾವು ಮಿನಿಮಮ್ ಬ್ಯಾಲೆನ್ಸ್ ಎನ್ನುವುದು, ಇಟ್ಟಿಲ್ಲವೆಂದು ಉಳಿತಾಯ ಖಾತೆಗೆ ದಂಡ ಹಾಕುವ ಬಗ್ಗೆ ರಿಸರ್ವ್ ಬ್ಯಾಂಕ್ 2014ರ ನವೆಂಬರ್ 20ರಂದು ಸುತ್ತೋಲೆ ಹೊರಡಿಸಿತು. ಅದು 2015ರ ಏಪ್ರಿಲ್ 1ರಿಂದ ಜಾರಿಗೆ ಬಂತು. ದಂಡ ಹಾಕಬಾರದೆಂದು ಆ ಸುತ್ತೋಲೆ ಹೇಳುವುದಿಲ್ಲ. ಹಾಕುವ ಕ್ರಮ ಹೇಗಿರಬೇಕೆಂದು ಹೇಳುತ್ತದೆ. ಶಿಲ್ಕು ಕಡಿಮೆಯಾದಾಗ ಬ್ಯಾಂಕು ಎಸ್ಎಂಎಸ್, ಇಮೇಲ್ ಅಥವಾ ಪತ್ರದ ಮೂಲಕ ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಬೇಕು; ತಿಳಿಸಿದ ದಿನದಿಂದ ಒಂದು ತಿಂಗಳೊಳಗೆ ಶಿಲ್ಕನ್ನು ಸರಿಪಡಿಸದಿದ್ದರೆ ಮಾತ್ರ ದಂಡ ಹಾಕಬಹುದು; ಆ ದಂಡ ಎಷ್ಟು ಹಣ ಕಡಿಮೆಯಿದೆಯೋ ಅದಕ್ಕೆ ಅನುಗುಣವಾಗಿರಬೇಕು; ದಂಡದ ಕಾರಣದಿಂದಲೇ ಖಾತೆ ಋಣಕ್ಕೆ ಇಳಿಯಬಾರದು. ಭಾರತೀಯ ಸ್ಟೇಟ್ ಬ್ಯಾಂಕ್ 2020ರ ಮಾರ್ಚ್‌ನಲ್ಲಿ ಈ ದಂಡವನ್ನೇ ಕೈಬಿಟ್ಟಿತು. ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ಕೈಬಿಟ್ಟಿತು. ಎಲ್ಲ ಬ್ಯಾಂಕುಗಳೂ ಬಿಟ್ಟಿಲ್ಲವಾದ್ದರಿಂದ ಈ ಪತ್ರಕ್ಕೆ ಇನ್ನೂ ಕೆಲಸವಿದೆ.

ನಮ್ಮ ಪ್ರಕರಣದಲ್ಲಿ ಮೂರು ತಿಂಗಳು ಸಂಬಳ ಜಮೆಯಾಗದ್ದರಿಂದ 2023ರ ಅಕ್ಟೋಬರ್ 1ರಂದು ಗಣಕ ವ್ಯವಸ್ಥೆಯು ತಾನಾಗಿಯೇ ಅದನ್ನು ಸಂಬಳದ ಖಾತೆಯಿಂದ ಸಾಮಾನ್ಯ ಉಳಿತಾಯ ಖಾತೆಗೆ ಬದಲಾಯಿಸಿತು. ಅಂಥ ಖಾತೆಯ ಮಾಸಿಕ ಸರಾಸರಿ ಶಿಲ್ಕು 1,000 ರೂಪಾಯಿ ಇರಬೇಕು. ಪ್ರತಿ ದಿನದ ಕೊನೆಯ ಶಿಲ್ಕನ್ನು ಕೂಡಿಸಿ ದಿನಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ಸಿಗುತ್ತದೆ. ಇಲ್ಲಿ ವಹಿವಾಟೇ ಇಲ್ಲದ್ದರಿಂದ ಇದ್ದ ಶಿಲ್ಕೇ ಸರಾಸರಿ. ಕೊರತೆ ಶೇ. 50ರವರೆಗೆ ಇದ್ದರೆ ದಂಡ 30 ರೂಪಾಯಿ, ಅದಕ್ಕಿಂತ ಹೆಚ್ಚಾಗಿ ಶೇ. 75ರವರೆಗೆ ಇದ್ದರೆ 40 ರೂಪಾಯಿ, ಅದರ ಮೇಲೆ ಶೇ. 18ರ ಜಿಎಸ್‌ಟಿ. ಹಾಗಾಗಿ ನವೆಂಬರ್ 1ರಿಂದ ನಾಲ್ಕು ತಿಂಗಳು 35 ರೂಪಾಯಿ 40 ಪೈಸೆಯಂತೆ ಕಡಿತವಾಯಿತು. ನಾಲ್ಕನೆಯ ಕಡಿತದ ನಂತರ ಶಿಲ್ಕು 498 ರೂಪಾಯಿ 40 ಪೈಸೆಗೆ ಇಳಿದು, ಕೊರತೆ ಅರ್ಧವನ್ನು ದಾಟಿತು. ಅಲ್ಲಿಂದ ಮುಂದೆ ತಿಂಗಳಿಗೆ 47 ರೂಪಾಯಿ 20 ಪೈಸೆ. ಗ್ರಾಹಕರು ಒಂದು ರೂಪಾಯಿಯನ್ನೂ ತೆಗೆಯದೆ ಇರುವಾಗ ಬ್ಯಾಂಕಿನ ದಂಡವೇ ಅವರನ್ನು ಮೇಲಿನ ದಂಡದ ಹಂತಕ್ಕೆ ತಳ್ಳಿತು. ಎಂಟು ಕಡಿತಗಳ ಒಟ್ಟು ಮೊತ್ತ 330 ರೂಪಾಯಿ 40 ಪೈಸೆ. (ಆ ಅವಧಿಯಲ್ಲಿ ಜಮೆಯಾದ ಅಲ್ಪ ಬಡ್ಡಿಯನ್ನು ಲೆಕ್ಕ ಸರಳವಾಗಲೆಂದು ಬಿಟ್ಟಿದ್ದೇನೆ.)

ಇನ್ನು, ತಿಳಿಸಿದ್ದರೋ ಇಲ್ಲವೋ ಎಂಬ ಪ್ರಶ್ನೆ. ಎಸ್ಎಂಎಸ್ ದಾಖಲೆ ತೆಗೆದರೆ ನವೆಂಬರ್ 1ರಂದು ಸಂದೇಶ ಹೋಗಿದೆ, ತಲುಪಿದೆ ಎಂದೂ ಇದೆ. ಬಹಳಷ್ಟು ವ್ಯವಸ್ಥಾಪಕರು ಇಲ್ಲಿಗೆ ನಿಂತು "ತಮಗೆ ಎಸ್ಎಂಎಸ್ ಮೂಲಕ ತಿಳಿಸಲಾಗಿರುತ್ತದೆ" ಎಂದು ಬರೆದುಬಿಡುತ್ತಾರೆ. ಆದರೆ ಸಂದೇಶ ಹೋದ ದಿನಾಂಕವನ್ನೂ ಮೊದಲ ಕಡಿತದ ದಿನಾಂಕವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಎರಡೂ ಒಂದೇ ದಿನ. ಒಂದು ತಿಂಗಳ ಅವಕಾಶ ಎಲ್ಲಿ ಬಂತು? ಸಂದೇಶ ಸರಿಯಾದ ವ್ಯಕ್ತಿಗೇ ಹೋಗಿದ್ದರೂ ಮೊದಲ ದಂಡ ತಪ್ಪೇ ಆಗುತ್ತಿತ್ತು. ಎರಡನೆಯದಾಗಿ, ಆ ಮೊಬೈಲ್ ಸಂಖ್ಯೆ ಯಾರದು? ಖಾತೆ ತೆರೆದಾಗಿನ ಅರ್ಜಿ ನಮೂನೆಯನ್ನು ಹೊರತೆಗೆಯದೆ ಇದಕ್ಕೆ ಉತ್ತರ ಸಿಗುವುದಿಲ್ಲ. ಕಾರ್ಖಾನೆಯವರು ಒಂದೇ ದಿನ 60 ಕಾರ್ಮಿಕರ ಅರ್ಜಿಗಳನ್ನು ಕಟ್ಟುಕಟ್ಟಿ ತಂದುಕೊಟ್ಟಿದ್ದರು. ಈ ಹೆಣ್ಣುಮಗಳು ತನ್ನ ಸಂಖ್ಯೆಯನ್ನು ನಮೂನೆಯಲ್ಲಿ ದುಂಡಗೆ ಬರೆದಿದ್ದರು. ಗಣಕಕ್ಕೆ ಏರಿಸುವಾಗ ಬ್ಯಾಂಕಿನ ಕಡೆಯವರು ಆ ಅಂಕಣದಲ್ಲಿ ಎಲ್ಲರಿಗೂ ಕಾರ್ಖಾನೆಯ ಮೇಲ್ವಿಚಾರಕನ ಸಂಖ್ಯೆಯನ್ನೇ ತುಂಬಿದ್ದರು. ಎಂಟು ತಿಂಗಳು ಬ್ಯಾಂಕಿನ ಎಚ್ಚರಿಕೆಗಳು ತಲುಪಿದ್ದು ಅವನಿಗೆ.

ಒಂದು ವೇಳೆ ನಮೂನೆಯಲ್ಲೇ ಮೇಲ್ವಿಚಾರಕನ ಸಂಖ್ಯೆ ಇದ್ದು, ಅದರ ಕೆಳಗೆ ಇವರ ಸಹಿ ಇದ್ದಿದ್ದರೆ ವಿಷಯ ಇಷ್ಟು ಸಲೀಸಾಗಿರುತ್ತಿರಲಿಲ್ಲ. ಆಗಲೂ ಮೊದಲ ತಿಂಗಳ ದಂಡವನ್ನು ಹಿಂದಿರುಗಿಸಲೇಬೇಕು. ಉಳಿದ ಏಳನ್ನು ಬಿಟ್ಟುಕೊಡುವ ಅಧಿಕಾರ ಶಾಖೆಗಿದೆಯೋ ಪ್ರಾದೇಶಿಕ ಕಚೇರಿಗಿದೆಯೋ ನೋಡಬೇಕಾಗುತ್ತಿತ್ತು. ಇಲ್ಲಿ ಆ ಸಂದಿಗ್ಧವಿಲ್ಲ. ಎಂಟೂ ತಪ್ಪು.

ಈಗ ಹಣ ಹಿಂದಿರುಗಿಸುವ ಲೆಕ್ಕ. ಶುಲ್ಕದ ಮೊತ್ತ ಮಾತ್ರ ನೋಡಿದರೆ 280 ರೂಪಾಯಿ. ಅಷ್ಟನ್ನೇ ಜಮೆ ಮಾಡಿ, 50 ರೂಪಾಯಿ 40 ಪೈಸೆಯ ಜಿಎಸ್‌ಟಿಯನ್ನು "ಸರ್ಕಾರಕ್ಕೆ ಹೋಗಿದೆ" ಎಂದು ಬಿಟ್ಟುಬಿಡುವ ಶಾಖೆಗಳಿವೆ. ನಾನೂ ಒಮ್ಮೆ ಹಾಗೆ ಮಾಡಿ, ಗ್ರಾಹಕರಿಂದಲೇ ಪಾಠ ಕಲಿತಿದ್ದೇನೆ. ಸೇವೆಯ ಶುಲ್ಕವೇ ತಪ್ಪಾದ ಮೇಲೆ ಅದರ ಮೇಲಿನ ತೆರಿಗೆಗೆ ಆಧಾರವಿಲ್ಲ. ಕಾನೂನು ಇದಕ್ಕೆ ದಾರಿ ಇಟ್ಟಿದೆ: ಕೇಂದ್ರ ಜಿಎಸ್‌ಟಿ ಕಾಯ್ದೆಯ 34ನೇ ಕಲಮಿನಂತೆ ಹಾಕಿದ ಶುಲ್ಕವನ್ನು ಹಿಂತೆಗೆದುಕೊಂಡೆವೆಂದು ಹೇಳುವ ಕ್ರೆಡಿಟ್ ನೋಟನ್ನು ಬ್ಯಾಂಕು ಹೊರಡಿಸಿ, ಆ ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30ರವರೆಗೆ ತನ್ನ ತೆರಿಗೆಯನ್ನು ಸರಿಹೊಂದಿಸಿಕೊಳ್ಳಬಹುದು. ಆ ಗಡುವು ಮೀರಿದ್ದರೆ ನಷ್ಟ ಬ್ಯಾಂಕಿನದು. ಅದು ಬ್ಯಾಂಕಿಗೂ ತೆರಿಗೆ ಇಲಾಖೆಗೂ ನಡುವಿನ ಮಾತು.

ಮೂರನೆಯದು ಬಡ್ಡಿ. ಉಳಿತಾಯ ಖಾತೆಗೆ 2010ರ ಏಪ್ರಿಲ್ 1ರಿಂದ ಪ್ರತಿ ದಿನದ ಶಿಲ್ಕಿನ ಮೇಲೆ ಬಡ್ಡಿ ಲೆಕ್ಕ ಹಾಕಲಾಗುತ್ತದೆ. ಆದ್ದರಿಂದ ಕಡಿತವಾದ ದಿನದಿಂದ ಹಿಂದಿರುಗಿಸಿದ ದಿನದವರೆಗೆ ಗ್ರಾಹಕರಿಗೆ ಆ ಹಣದ ಬಡ್ಡಿ ತಪ್ಪಿದೆ. ವಾರ್ಷಿಕ ಶೇ. 3ರ ದರದಲ್ಲಿ ಅದು ಮೂರು ರೂಪಾಯಿ ಚಿಲ್ಲರೆ. ಮೊತ್ತವನ್ನು ಕೇಳಿ ನಗಬಹುದು. ಆದರೆ ಎಂಟು ಕಡಿತಗಳನ್ನೂ ಅವುಗಳ ಮೂಲ ದಿನಾಂಕದ ಮೌಲ್ಯಕ್ಕೇ ಜಮೆ ಮಾಡಿದರೆ ಗಣಕವೇ ಈ ಬಡ್ಡಿಯನ್ನು ಕಟ್ಟಿಕೊಡುತ್ತದೆ, ಗುಮಾಸ್ತರಿಗೆ ಹೆಚ್ಚಿನ ಕೆಲಸವಿಲ್ಲ. ಒಟ್ಟು ಮೊತ್ತವನ್ನು ಇಂದಿನ ದಿನಾಂಕಕ್ಕೆ ಒಂದೇ ಸಾಲಿನಲ್ಲಿ ಹಾಕಿದರೆ ಮಾತ್ರ ಅದು ಕೈತಪ್ಪುತ್ತದೆ.

ಮೂಲ ದಿನಾಂಕಕ್ಕೆ ಜಮೆ ಮಾಡುವುದರಿಂದ ಆಗುವ ಇನ್ನೊಂದು ಉಪಕಾರವೇ ಈ ಉಪನ್ಯಾಸಕ್ಕೆ ನಿಜವಾದ ಕಾರಣ. ತಪ್ಪು ಕಡಿತಗಳು ನಡೆದೇ ಇಲ್ಲವೆಂದು ಭಾವಿಸಿ ಖಾತೆಯನ್ನು ಮೊದಲಿನಿಂದ ಇನ್ನೊಮ್ಮೆ ನಡೆಸಿ ನೋಡಿದಾಗ, ಗ್ರಾಹಕರು ದೂರಿನಲ್ಲಿ ಬರೆಯದ, ಅವರಿಗೇ ಗೊತ್ತಿಲ್ಲದ ನಷ್ಟ ಕಣ್ಣಿಗೆ ಬೀಳುತ್ತದೆ. ಈ ಖಾತೆಯಲ್ಲಿ ಪ್ರಧಾನ ಮಂತ್ರಿ ಜೀವನ ಜ್ಯೋತಿ ಬಿಮಾ ಯೋಜನೆಯ ನೋಂದಣಿ ಇತ್ತು. ಎರಡು ಲಕ್ಷ ರೂಪಾಯಿಯ ಜೀವ ವಿಮೆ, ಅವಧಿ ಜೂನ್ 1ರಿಂದ ಮರುವರ್ಷದ ಮೇ 31ರವರೆಗೆ, ವರ್ಷದ ಕಂತು 436 ರೂಪಾಯಿ. ಮೇ ಕೊನೆಯಲ್ಲಿ ಖಾತೆಯಿಂದ ತಾನಾಗಿಯೇ ಕಡಿತವಾಗುತ್ತದೆ. 2024ರ ಮೇ ಕೊನೆಯಲ್ಲಿ ಗಣಕ ಆ ಕಂತನ್ನು ತೆಗೆಯಲು ಹೋದಾಗ ಖಾತೆಯಲ್ಲಿದ್ದದ್ದು 356 ರೂಪಾಯಿ 80 ಪೈಸೆ. ಕಂತು ವಿಫಲವಾಯಿತು, ಜೂನ್ 1ರಿಂದ ವಿಮೆ ನಿಂತುಹೋಯಿತು. ದಂಡ ಇಲ್ಲದಿದ್ದರೆ 640 ಇರುತ್ತಿತ್ತು, ಕಂತು ಸಲೀಸಾಗಿ ಹೋಗುತ್ತಿತ್ತು. ದೂರಿನಲ್ಲಿ ಇದರ ಸುಳಿವೂ ಇಲ್ಲ. ಎಂಟು ಸಾಲುಗಳನ್ನು ವಾಪಸು ಹಾಕಿ ಕೈತೊಳೆದುಕೊಂಡ ವ್ಯವಸ್ಥಾಪಕರಿಗೆ ಇದು ಎಂದೂ ತಿಳಿಯುವುದಿಲ್ಲ. ಆ ಮನೆಯವರಿಗೆ ತಿಳಿಯುವುದು ಸಾವಿನ ನಂತರ.

ಅದೇ ಲೆಕ್ಕ ಗ್ರಾಹಕರ ವಿರುದ್ಧವೂ ಒಂದು ಮಾತು ಹೇಳುತ್ತದೆ, ಅದನ್ನೂ ಮುಚ್ಚಿಡಬಾರದು. ಜೂನ್ 10ರ ಎಟಿಎಂ ಶುಲ್ಕ ತೆರಿಗೆ ಸೇರಿ 23 ರೂಪಾಯಿ 60 ಪೈಸೆ. ದಂಡಗಳಿಲ್ಲದೆ, ವಿಮೆ ಕಂತು ಸಕಾಲಕ್ಕೆ ಹೋಗಿದ್ದರೆ ಅಂದು ಶಿಲ್ಕು 204 ರೂಪಾಯಿ ಇರುತ್ತಿತ್ತು; 500 ರೂಪಾಯಿ ಆಗಲೂ ಬರುತ್ತಿರಲಿಲ್ಲ. ಹಾಗಾಗಿ ಆ ಶುಲ್ಕ ನಿಯಮದ ಪ್ರಕಾರ ತಪ್ಪಲ್ಲ. ನಾನಾಗಿದ್ದರೆ ಅದನ್ನೂ ಬಿಟ್ಟುಕೊಡುತ್ತಿದ್ದೆ, ಏಕೆಂದರೆ ಇಷ್ಟೆಲ್ಲ ಗೊಂದಲ ಎಬ್ಬಿಸಿದ ಬ್ಯಾಂಕು ಗ್ರಾಹಕರು ತಮ್ಮ ಶಿಲ್ಕನ್ನು ಸರಿಯಾಗಿ ಊಹಿಸಬೇಕಿತ್ತೆಂದು ನಿರೀಕ್ಷಿಸುವುದು ಸಭ್ಯತೆಯಲ್ಲ. ಆದರೆ ತಪ್ಪನ್ನು ತಿದ್ದಿ ಕೊಟ್ಟದ್ದು ಬೇರೆ, ವಿನಾಯಿತಿಯಾಗಿ ಕೊಟ್ಟದ್ದು ಬೇರೆ; ಯಾವುದು ಯಾವುದೆಂದು ಉತ್ತರದಲ್ಲಿ ಬಿಡಿಸಿ ಬರೆಯಬೇಕು. ಹಾಗೆ ಬರೆಯದಿದ್ದರೆ ಶಾಖೆಯ ವಹಿವಾಟನ್ನು ಆಗಿಂದಾಗ್ಗೆ ತಪಾಸಣೆ ಮಾಡುವ ಕನ್ಕರೆಂಟ್ ಆಡಿಟರ್ ಮುಂದಿನ ತಿಂಗಳು ಇಡೀ ಮೊತ್ತವನ್ನು ಆದಾಯ ಸೋರಿಕೆ ಎಂದು ಗುರುತು ಹಾಕುತ್ತಾರೆ. ಆಡಿಟರ ಭಯದಿಂದ ನ್ಯಾಯವಾದ ಹಣವನ್ನು ಹಿಂದಿರುಗಿಸದೆ ಕುಳಿತ ವ್ಯವಸ್ಥಾಪಕರು ನಮ್ಮಲ್ಲಿ ಕಡಿಮೆಯೇನಿಲ್ಲ. ವೋಚರಿಗೆ ಅರ್ಜಿ ನಮೂನೆಯ ಪ್ರತಿಯನ್ನೂ ಎಸ್ಎಂಎಸ್ ದಾಖಲೆಯನ್ನೂ ಲಗತ್ತಿಸಿದರೆ ಆ ಭಯಕ್ಕೆ ಕಾರಣವಿಲ್ಲ.

ಉತ್ತರ ಪತ್ರ ಈಗ ಹೀಗೆ ರೂಪುಗೊಳ್ಳುತ್ತದೆ. ವಿಳಾಸ, ದೂರಿನ ನೋಂದಣಿ ಸಂಖ್ಯೆಗಳನ್ನು ಬಿಟ್ಟು ಒಡಲನ್ನಷ್ಟೇ ಓದುತ್ತೇನೆ.

"ಮಾನ್ಯರೇ, ದಿನಾಂಕ 14-06-2024ರಂದು ನೀವು ಕೊಟ್ಟ ದೂರನ್ನು ನಾನೇ ಪರಿಶೀಲಿಸಿದ್ದೇನೆ. ಕನಿಷ್ಠ ಶಿಲ್ಕು ಇಲ್ಲವೆಂದು 01-11-2023ರಿಂದ 01-06-2024ರವರೆಗೆ ನಿಮ್ಮ ಖಾತೆಯಿಂದ ಎಂಟು ಬಾರಿ ಕಡಿತ ಮಾಡಿದ್ದು ತಪ್ಪು. ಮೂರು ತಿಂಗಳು ಸಂಬಳ ಜಮೆಯಾಗದ್ದರಿಂದ ನಿಮ್ಮ ಖಾತೆ ಸಾಮಾನ್ಯ ಉಳಿತಾಯ ಖಾತೆಯಾಗಿ ಬದಲಾಯಿತು. ಅದನ್ನು ನಿಮಗೆ ತಿಳಿಸಿ ಒಂದು ತಿಂಗಳ ಕಾಲಾವಕಾಶ ಕೊಡುವುದು ನಮ್ಮ ಕರ್ತವ್ಯವಾಗಿತ್ತು. ನೀವು ಅರ್ಜಿಯಲ್ಲಿ ಬರೆದ ಮೊಬೈಲ್ ಸಂಖ್ಯೆಯ ಬದಲು ಬೇರೊಬ್ಬರ ಸಂಖ್ಯೆಯನ್ನು ನಮ್ಮವರು ದಾಖಲಿಸಿದ್ದರಿಂದ ನಮ್ಮ ಸಂದೇಶಗಳು ನಿಮಗೆ ತಲುಪಿಲ್ಲ. ಈ ತಪ್ಪು ಬ್ಯಾಂಕಿನದು, ಇದಕ್ಕಾಗಿ ನಾನು ಕ್ಷಮೆ ಕೇಳುತ್ತೇನೆ.

ಶುಲ್ಕ 280 ರೂಪಾಯಿ ಮತ್ತು ಜಿಎಸ್‌ಟಿ 50 ರೂಪಾಯಿ 40 ಪೈಸೆ, ಒಟ್ಟು 330 ರೂಪಾಯಿ 40 ಪೈಸೆಯನ್ನು ಇಂದು, 24-06-2024ರಂದು, ಆಯಾ ಕಡಿತದ ದಿನಾಂಕದಿಂದಲೇ ಬಡ್ಡಿ ಬರುವಂತೆ ಜಮೆ ಮಾಡಿದ್ದೇವೆ. ಜೂನ್ 10ರ ಎಟಿಎಂ ಶುಲ್ಕವು ನಿಯಮದ ಪ್ರಕಾರ ಸರಿಯಾಗಿಯೇ ಬಿದ್ದಿದೆ. ಆದರೂ ಆ 23 ರೂಪಾಯಿ 60 ಪೈಸೆಯನ್ನು ಶಾಖೆಯ ಅಧಿಕಾರದಲ್ಲಿ ವಿನಾಯಿತಿಯಾಗಿ ಹಿಂದಿರುಗಿಸಿದ್ದೇವೆ. ಈಗ ನಿಮ್ಮ ಶಿಲ್ಕು, ಬಡ್ಡಿಯನ್ನು ಬಿಟ್ಟು, 640 ರೂಪಾಯಿ.

ನೀವು ದೂರಿನಲ್ಲಿ ಕೇಳದಿದ್ದರೂ ಒಂದು ಸಂಗತಿಯನ್ನು ತಿಳಿಸಬೇಕಾಗಿದೆ. ಈ ಕಡಿತಗಳಿಂದ ಶಿಲ್ಕು ಸಾಲದೆ ನಿಮ್ಮ ಜೀವನ ಜ್ಯೋತಿ ವಿಮೆಯ 436 ರೂಪಾಯಿ ಕಂತು ಮೇ ತಿಂಗಳಲ್ಲಿ ಹೋಗಿಲ್ಲ, ಜೂನ್ 1ರಿಂದ ವಿಮೆ ಜಾರಿಯಲ್ಲಿಲ್ಲ. ಲಗತ್ತಿಸಿದ ನಮೂನೆಗೆ ಸಹಿ ಮಾಡಿಕೊಟ್ಟರೆ ಅದೇ ದಿನ ಮತ್ತೆ ಸೇರಿಸುತ್ತೇವೆ. ಹೀಗೆ ಮರಳಿ ಸೇರಿದವರಿಗೆ ಮೊದಲ 30 ದಿನಗಳಲ್ಲಿ ಅಪಘಾತದ ಸಾವಿಗೆ ಮಾತ್ರ ವಿಮೆ ಅನ್ವಯಿಸುತ್ತದೆ. ಬ್ಯಾಂಕಿನ ತಪ್ಪಿನಿಂದ ಹೀಗಾಗಿರುವುದರಿಂದ ಜೂನ್ 1ರಿಂದಲೇ ವಿಮೆಯನ್ನು ಮುಂದುವರಿಸುವಂತೆ ವಿಮಾ ಕಂಪನಿಗೆ ಬರೆದಿದ್ದೇವೆ. ಅವರು ಒಪ್ಪುತ್ತಾರೆಂದು ಈಗ ನಾನು ಭರವಸೆ ಕೊಡಲಾರೆ.

ಖಾತೆ ಈಗಿರುವಂತೆಯೇ ಮುಂದುವರಿದರೆ ಸರಾಸರಿ 1,000 ರೂಪಾಯಿ ಇಡಬೇಕಾಗುತ್ತದೆ. ನಮ್ಮ ಬ್ಯಾಂಕಿನಲ್ಲಿ ನಿಮಗೆ ಬೇರೆ ಉಳಿತಾಯ ಖಾತೆ ಇಲ್ಲದಿದ್ದರೆ ಇದನ್ನು ಮೂಲ ಉಳಿತಾಯ ಖಾತೆಯಾಗಿ ಬದಲಾಯಿಸಬಹುದು. ಅದಕ್ಕೆ ಕನಿಷ್ಠ ಶಿಲ್ಕು ಬೇಕಿಲ್ಲ, ತಿಂಗಳಿಗೆ ನಾಲ್ಕು ಬಾರಿ ಉಚಿತವಾಗಿ ಹಣ ತೆಗೆಯಬಹುದು. ಅದರ ನಮೂನೆಯನ್ನೂ ಲಗತ್ತಿಸಿದ್ದೇನೆ. ನೀವು ತೀರ್ಮಾನ ತಿಳಿಸುವವರೆಗೆ ದಂಡ ಬೀಳದಂತೆ ತಡೆದಿದ್ದೇವೆ."

ಇದರ ಕೆಳಗೆ ಹೆಸರು, ಹುದ್ದೆ, ಶಾಖೆಯ ದೂರವಾಣಿ, ಸಹಿ. ಕೊನೆಯ ಭಾಗವನ್ನು ಬಿಟ್ಟಿದ್ದರೆ ಏನಾಗುತ್ತಿತ್ತೆಂದು ಗಮನಿಸಿ: ಜೂನ್ 24ರಂದು ಹಣ ವಾಪಸು ಬಂದು, ಜುಲೈ 1ರ ಬೆಳಿಗ್ಗೆ ಒಂಬತ್ತನೆಯ ದಂಡ ಬೀಳುತ್ತಿತ್ತು. ಗಣಕಕ್ಕೆ ನಾವು ಪತ್ರ ಬರೆದದ್ದು ಗೊತ್ತಿರುವುದಿಲ್ಲ.

ಎಟಿಎಂ ಶುಲ್ಕವನ್ನು ಬಿಟ್ಟುಕೊಡದೆ ಇದ್ದಿದ್ದರೆ ಈ ಪತ್ರವನ್ನು ಶಾಖೆಯಿಂದಲೇ ಅಂತಿಮ ಉತ್ತರವೆಂದು ಕಳಿಸುವಂತಿರಲಿಲ್ಲ. ಬ್ಯಾಂಕು ತಿರಸ್ಕರಿಸಹೊರಟ ದೂರನ್ನು ಮತ್ತೊಮ್ಮೆ ನೋಡುವ ಆಂತರಿಕ ಒಂಬುಡ್ಸ್‌ಮನ್ ಎಂಬ ಅಧಿಕಾರಿ ಇರುವ ಬ್ಯಾಂಕುಗಳಲ್ಲಿ, ದೂರಿನ ಒಂದು ಭಾಗವನ್ನಷ್ಟೇ ತಿರಸ್ಕರಿಸಿದರೂ ಅದು ಆ ಅಧಿಕಾರಿಯ ಮುಂದೆ ಹೋಗಿ ಬರಬೇಕು. ಗ್ರಾಹಕರಿಗೂ ಒಂದು ಮಾತು: ಬ್ಯಾಂಕಿಗೆ ಬರೆದುಕೊಟ್ಟು 30 ದಿನಗಳಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ತಾಣದಲ್ಲಿ ದೂರು ಕೊಡಬಹುದು. ಮಾಹಿತಿಗೆ 14448 ಸಂಖ್ಯೆ ಇದೆ. ನೇರವಾಗಿ ಅಲ್ಲಿಗೇ ಹೋದರೆ ಮೊದಲು ಬ್ಯಾಂಕಿಗೆ ಕೊಟ್ಟಿಲ್ಲವೆಂಬ ಕಾರಣಕ್ಕೆ ದೂರು ವಾಪಸಾಗುತ್ತದೆ. ಮೊಹರು ಬಿದ್ದ ಆ ಜೆರಾಕ್ಸ್ ಪ್ರತಿಗೆ ಬೆಲೆ ಬರುವುದು ಆಗ.

ಇನ್ನು ಉಳಿದದ್ದು ಗ್ರಾಹಕರ ಪತ್ರದಲ್ಲಿ ಬರೆಯಬಾರದ, ಆದರೆ ಅದೇ ದಿನ ಪ್ರಾದೇಶಿಕ ಕಚೇರಿಗೆ ಬರೆಯಲೇಬೇಕಾದ ವಿಷಯ. ಅದೇ ಕಟ್ಟಿನಲ್ಲಿ ಬಂದಿದ್ದ ಇನ್ನೂ 59 ಖಾತೆಗಳಿವೆ; ಅವುಗಳಲ್ಲೂ ಅದೇ ಮೇಲ್ವಿಚಾರಕನ ಸಂಖ್ಯೆ ಇದೆ, ಅವುಗಳಿಗೂ ಸಂಬಳ ಅದೇ ಜೂನ್‌ನಲ್ಲಿ ನಿಂತಿದೆ. ಆ ಖಾತೆದಾರರು ಯಾರೂ ದೂರು ಕೊಟ್ಟಿಲ್ಲ. ಆ ಸಂಖ್ಯೆಯಿಂದ ಖಾತೆಗಳನ್ನು ಹುಡುಕಿ ತೆಗೆದು, ಪ್ರತಿಯೊಂದರ ಅರ್ಜಿ ನಮೂನೆಯನ್ನು ನೋಡಿ, ದಂಡವನ್ನು ನಿಲ್ಲಿಸಿ, ವಿಮೆ ಕಂತು ಹೋಗಿದೆಯೋ ಇಲ್ಲವೋ ಎಂದು ಒಂದೊಂದಾಗಿ ಪರೀಕ್ಷಿಸಬೇಕು. ಅವರಿಗೆ ವಿಷಯ ತಿಳಿಸಲು ಎಸ್ಎಂಎಸ್ ಕಳಿಸಿದರೆ ಅದೂ ಆ ಮೇಲ್ವಿಚಾರಕನಿಗೇ ಹೋಗುತ್ತದೆ. ಆದ್ದರಿಂದ ನಮೂನೆಯಲ್ಲಿರುವ ಊರಿನ ವಿಳಾಸಕ್ಕೆ ಅಂಚೆಯಲ್ಲೇ ಪತ್ರ ಹಾಕಬೇಕು, ವಾಪಸು ಬಂದ ಲಕೋಟೆಗಳನ್ನು ಬೇರೆ ಕಡತದಲ್ಲಿಟ್ಟು ಆ ಊರಿನ ಹತ್ತಿರದ ಶಾಖೆಗೆ ಹೆಸರುಗಳನ್ನು ಕಳಿಸಬೇಕು.